ಥಂಡಿಗೆ ಹಬೆ: ನೀರು ಎಷ್ಟು ಬಿಸಿ ಇರಬೇಕು, ಪಾತ್ರೆ ಎಲ್ಲಿಡಬೇಕು, ಮಕ್ಕಳಿಗೆ ಯಾಕೆ ಬೇಡ

ಜೂನ್ ಶುರುವಾದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದಲ್ಲೂ, ಮನೆಯಲ್ಲಿ ಒಬ್ಬರಿಗಾದರೂ ಥಂಡಿ ಇದ್ದೇ ಇರುತ್ತದೆ. ಒಂದು ಪಾತ್ರೆ ನೀರು ಕುದಿಸಿ, ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ, ತಲೆ ಮೇಲೆ ಟವೆಲ್ ಹೊದ್ದು ಕೂರುವುದು ಎಲ್ಲರಿಗೂ ಗೊತ್ತಿರುವ ಮದ್ದು. ಆದರೆ ಆ ಪಾತ್ರೆ ಮಗುಚಿದರೆ ನೀರು ಎಲ್ಲಿಗೆ ಹರಿಯುತ್ತದೆ ಎಂದು ಕೂರುವ ಮೊದಲು ಯಾರೂ ನೋಡುವುದಿಲ್ಲ.

ಹಬೆ ತೆಗೆದುಕೊಳ್ಳುವಾಗ ಆಗುವ ಸುಟ್ಟಗಾಯ ಮುಖಕ್ಕಿಂತ ಜಾಸ್ತಿ ಆಗುವುದು ತೊಡೆ, ಹೊಟ್ಟೆಯ ಕೆಳಭಾಗ ಮತ್ತು ತೊಡೆಸಂದಿನಲ್ಲಿ. ಸುಡುವುದು ಹಬೆಯಲ್ಲ, ನೀರು. 2020ರಲ್ಲಿ ಕೋವಿಡ್ ಭಯಕ್ಕೆ ಮನೆಮನೆಯಲ್ಲೂ ಹಬೆ ಶುರುವಾದಾಗ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಆಸ್ಪತ್ರೆಯ ವೈದ್ಯರು ಇಂಥ ಗಾಯಗಳು ಒಮ್ಮೆಲೇ ಏರಿದ್ದನ್ನು ಕಂಡು ಲ್ಯಾನ್ಸೆಟ್ ಪತ್ರಿಕೆಗೆ ಬರೆದು ಎಚ್ಚರಿಸಿದರು.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ದೊಡ್ಡವರು ಕೆಳಗೆ ಹೇಳಿದ ರೀತಿಯಲ್ಲಿ ಹಬೆ ತೆಗೆದುಕೊಳ್ಳಬಹುದು. ಮಕ್ಕಳಿಗೆ ಪಾತ್ರೆಯ ಹಬೆ ಬೇಡವೇ ಬೇಡ. ಪಕ್ಕದಲ್ಲಿ ಅಮ್ಮ ಕೂತಿದ್ದರೂ ಬೇಡ.

"ಸುರಕ್ಷಿತ ಬಿಸಿ" ಎಷ್ಟು?

ನೀರು ಎಷ್ಟು ಬಿಸಿ ಇದ್ದರೆ ತೊಂದರೆ ಇಲ್ಲ ಅಂತ ತುಂಬ ಜನ ಕೇಳುತ್ತಾರೆ. ಉತ್ತರ ಸ್ವಲ್ಪ ಬೇಸರ ತರಿಸುವಂಥದ್ದು. ಹಬೆ ಚೆನ್ನಾಗಿ ಬರುವಷ್ಟು ಬಿಸಿ ಇದ್ದು, ಮೈಮೇಲೆ ಬಿದ್ದರೂ ಸುಡದ ನೀರು ಅಂತ ಒಂದಿಲ್ಲ.

60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು 5 ಸೆಕೆಂಡ್ ಸಾಕು. 70 ಡಿಗ್ರಿ ದಾಟಿದರೆ ಒಂದು ಸೆಕೆಂಡ್ ಸಾಕು, ಕೈ ಹಿಂದಕ್ಕೆ ಎಳೆಯುವುದರೊಳಗೆ ಕೆಲಸ ಮುಗಿದಿರುತ್ತದೆ. 50 ಡಿಗ್ರಿಗೆ ಇಳಿದರೆ ಮಾತ್ರ ಕೆಲವು ನಿಮಿಷ ಬೇಕು. ಇದೆಲ್ಲ ದೊಡ್ಡವರ ಲೆಕ್ಕ. ಮಕ್ಕಳ ಚರ್ಮ ತೆಳು, ಅದು ಇನ್ನೂ ಬೇಗ ಸುಡುತ್ತದೆ. ಬಿಸಿನೀರು ಬಟ್ಟೆಯ ಮೇಲೆ ಬಿದ್ದರೆ ಕಷ್ಟ ಜಾಸ್ತಿ. ಚಡ್ಡಿ, ಲುಂಗಿ ನೀರನ್ನು ಹೀರಿಕೊಂಡು ಮೈಗೆ ಅಂಟಿಸಿ ಹಿಡಿದುಕೊಳ್ಳುತ್ತವೆ.

ಹಾಗಿದ್ದರೆ 45 ಡಿಗ್ರಿ ನೀರಲ್ಲೇ ಹಬೆ ತೆಗೆದುಕೊಂಡರೆ? ಆ ನೀರಿಂದ ಹಬೆ ಏಳುವುದೇ ಕಡಿಮೆ. 80 ಡಿಗ್ರಿ ನೀರಿನ ಆವಿಯ ಒತ್ತಡಕ್ಕೆ ಹೋಲಿಸಿದರೆ 45 ಡಿಗ್ರಿಯದು ಸುಮಾರು ಐದನೇ ಒಂದು ಭಾಗ. ಮುಖಕ್ಕೆ ಬೆಚ್ಚಗೆ ಅನಿಸಬಹುದು, ಅಷ್ಟೇ.

ಶಿರಸಿಯವರು "ನಮ್ಮಲ್ಲಿ ನೀರು 100ಕ್ಕೆ ಮೊದಲೇ ಕುದಿಯುತ್ತದೆ" ಅನ್ನಬಹುದು. ನಿಜ, ಸುಮಾರು 600 ಮೀಟರ್ ಎತ್ತರದಲ್ಲಿ ಅದು 98 ಡಿಗ್ರಿ ಹತ್ತಿರ ಕುದಿಯುತ್ತದೆ. ಚರ್ಮಕ್ಕೆ ಆ ಎರಡು ಡಿಗ್ರಿ ಯಾವ ಲೆಕ್ಕವೂ ಅಲ್ಲ.

ಅಂದರೆ ನೀರಿನ ಬಿಸಿ ಇಳಿಸಿ ಅಪಾಯ ತಪ್ಪಿಸಲು ಆಗುವುದಿಲ್ಲ. ಪಾತ್ರೆ ಮಗುಚದ ಹಾಗೆ, ಮಗುಚಿದರೂ ನೀರು ಮೈಗೆ ಬರದ ಹಾಗೆ ಇಡುವುದೊಂದೇ ದಾರಿ. ಬಿಸಿ ಸ್ವಲ್ಪ ಇಳಿಸುವುದು ಮುಖ, ಕಣ್ಣು ಉಳಿಸಿಕೊಳ್ಳಲಿಕ್ಕೆ.

ಹಬೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಥಂಡಿ ಬರುವುದು ವೈರಸ್‌ನಿಂದ. ಹಬೆ ಅದನ್ನು ಕೊಲ್ಲುವುದಿಲ್ಲ. ಮೂಗಿನ ಒಳಗೆ ವೈರಸ್ ಸಾಯುವಷ್ಟು ಬಿಸಿ ಮಾಡಿದರೆ ಮೂಗೂ ಉಳಿಯುವುದಿಲ್ಲ. ಬಿಸಿ ತೇವದ ಗಾಳಿ ಕೊಟ್ಟು ನೋಡಿದ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ 2017ರಲ್ಲಿ ಬಂತು. ಚಂಡೀಗಢದ ವೈದ್ಯರೇ ಮಾಡಿದ್ದು. ಥಂಡಿಗೆ ಇದರಿಂದ ಖಚಿತ ಲಾಭ ಇದೆ ಅನ್ನಲು ಅದರಲ್ಲಿ ಪುರಾವೆ ಸಿಗಲಿಲ್ಲ.

ಆದರೂ ಹಿತ ಅನಿಸುವುದು ಸುಳ್ಳಲ್ಲ. ಬೆಚ್ಚನೆ ಆವಿಗೆ ಸಿಂಬಳ ಸಡಿಲವಾಗುತ್ತದೆ, ಹತ್ತು ನಿಮಿಷ ಉಸಿರು ಸಲೀಸು ಅನಿಸುತ್ತದೆ. ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್, ಬಾಮ್‌ಗಳಲ್ಲಿರುವ ಮೆಂಥಾಲ್ ಮೂಗಿಗೆ ತಂಪಿನ ಅನುಭವ ಕೊಡುತ್ತವೆ. ಮೆಂಥಾಲ್ ಬಗ್ಗೆ ಅಳೆದು ನೋಡಿದ್ದಾರೆ. ಮೂಗು ತೆರೆದ ಹಾಗೆ ಅನಿಸುತ್ತದೆ, ಒಳಗೆ ಹೋಗುವ ಗಾಳಿ ಮಾತ್ರ ಅಷ್ಟೇ ಇರುತ್ತದೆ.

ಇನ್ನೊಂದು ಮಾತು ನಮ್ಮ ಕರಾವಳಿಗೆ ಸಂಬಂಧಪಟ್ಟದ್ದು. ಚಳಿ ದೇಶಗಳಲ್ಲಿ ಹೀಟರ್ ಹಾಕಿ ಮನೆಯ ಗಾಳಿ ಒಣಗಿರುತ್ತದೆ, ಅಲ್ಲಿ ಗಾಳಿಗೆ ತೇವ ಸೇರಿಸುವುದಕ್ಕೆ ಒಂದು ಅರ್ಥವಾದರೂ ಇದೆ. ಜುಲೈ ತಿಂಗಳ ಕುಮಟಾದಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಲ್ಲಿ ಮಗುವಿನ ಕೋಣೆಗೆ ಇನ್ನಷ್ಟು ತೇವ ತುಂಬಿ ಏನು ಮಾಡುವುದು? ಗೋಡೆಗೆ ಬೂಸ್ಟು ಹಿಡಿಯುತ್ತದೆ, ಅಷ್ಟೇ.

ದೊಡ್ಡವರು ಮಾಡುವ ಕ್ರಮ

ಜಾಗದಿಂದ ಶುರು ಮಾಡಿ. ಅಡುಗೆಮನೆಯ ಸಿಂಕ್‌ಗಿಂತ ಒಳ್ಳೆಯ ಜಾಗ ಇಲ್ಲ. ಸಿಂಕ್ ಖಾಲಿ ಮಾಡಿ, ಅಗಲ ತಳದ ಪಾತ್ರೆಯನ್ನು ಅದರೊಳಗೆ ಇಡಿ. ಮಗುಚಿದರೂ ನೀರು ಕೊಳವೆಗೆ ಹೋಗುತ್ತದೆ. ನೀವು ನಿಂತುಕೊಂಡು ಬಗ್ಗುತ್ತೀರಿ, ಹಾಗಾಗಿ ನೀರಿನ ಕೆಳಗೆ ನಿಮ್ಮ ತೊಡೆ ಇರುವುದಿಲ್ಲ. ಸಿಂಕ್ ಇಲ್ಲದ ಮನೆಯಲ್ಲಿ ಅಡುಗೆ ಕಟ್ಟೆಯ ಮೇಲೆ, ಗೋಡೆಗೆ ತಾಗಿಸಿ, ದೊಡ್ಡ ಖಾಲಿ ಪಾತ್ರೆಯ ಒಳಗೆ ಚಿಕ್ಕ ಪಾತ್ರೆ ಇಡಿ.

ಹಾಸಿಗೆ, ಮಡಿಲು, ಪ್ಲಾಸ್ಟಿಕ್ ಸ್ಟೂಲ್, ಮಂಚದ ಅಂಚು ಬೇಡ. ನೆಲದ ಮೇಲೆ ಇಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂರುವುದೂ ಬೇಡ. ಹಾಗೆ ಕೂತಾಗ ಪಾತ್ರೆ ನಿಮ್ಮ ಎರಡು ಕಾಲುಗಳ ನಡುವೆ ಇರುತ್ತದೆ. ಬಿಸಿ ತಾಗಿದರೆ ಕೂಡಲೇ ಏಳಲಿಕ್ಕೂ ಆಗುವುದಿಲ್ಲ.

ಆಮೇಲೆ ನೀರು. ಅರ್ಧದಿಂದ ಮುಕ್ಕಾಲು ಲೀಟರ್ ಸಾಕು. ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಮೇಲೆ ನೀರು ಬರಬಾರದು. ತುಂಬ ನೀರಿದ್ದರೆ ಹಬೆ ಹೆಚ್ಚು ಹೊತ್ತು ಬರಬಹುದು, ಆದರೆ ಐದು ನಿಮಿಷಕ್ಕೆ ಅಷ್ಟು ಯಾಕೆ?

ಕುದಿಸಿದ ಕೂಡಲೇ ಮುಖ ಒಡ್ಡಬೇಡಿ. ಥರ್ಮಾಮೀಟರ್ ಇಲ್ಲದೆಯೂ ಬಿಸಿ ಅಂದಾಜು ಮಾಡುವ ಸುಲಭ ಲೆಕ್ಕ ಇದೆ. ಎರಡು ಲೋಟ ಕುದಿಯುವ ನೀರಿಗೆ ಅದೇ ಅಳತೆಯ ಒಂದು ಲೋಟ ಬಾವಿ ನೀರು ಸೇರಿಸಿದರೆ ಸುಮಾರು 75 ಡಿಗ್ರಿ ಆಗುತ್ತದೆ. ನಮ್ಮ ಕಡೆ ಬಾವಿ ನೀರು 26–27 ಡಿಗ್ರಿ ಆಸುಪಾಸು ಇರುತ್ತದೆ ಅಂತ ಹಿಡಿದ ಲೆಕ್ಕ ಇದು. ಪಾತ್ರೆ ತಣ್ಣಗಿದ್ದರೆ ಇನ್ನೂ ಸ್ವಲ್ಪ ಇಳಿಯುತ್ತದೆ. ಹಬೆ ಬರಲು ಇಷ್ಟು ಬಿಸಿ ಸಾಕು. ಆದರೆ ಇದು ಮೈಮೇಲೆ ಬಿದ್ದರೆ ಸುಡುವ ನೀರೇ, ಮರೆಯಬೇಡಿ.

ಸೊಪ್ಪು ಹಾಕುವವರು ಒಲೆ ಆರಿಸಿದ ಮೇಲೆ ಹಾಕಿ. ನಾಲ್ಕೈದು ದೊಡ್ಡಪತ್ರೆ ಎಲೆ, ಒಂದು ಹಿಡಿ ತುಳಸಿ ಅಥವಾ ಲಕ್ಕಿ ಸೊಪ್ಪು, ಎರಡು ಎಳೆ ಮಜ್ಜಿಗೆ ಹುಲ್ಲು, ಹಿತ್ತಲಲ್ಲಿ ಏನಿದೆಯೋ ಅದು. ಪರಿಮಳ ಚೆನ್ನಾಗಿರುತ್ತದೆ. ಸೊಪ್ಪು ಬದಲಾದರೆ ಗುಣ ಬದಲಾಗುತ್ತದೆ ಅಂತ ಜಗಳ ಆಡುವಷ್ಟು ವ್ಯತ್ಯಾಸ ಏನೂ ಇಲ್ಲ. ನನ್ನ ಕೇಳಿದರೆ ಎಣ್ಣೆಗಿಂತ ಸೊಪ್ಪೇ ವಾಸಿ, ಯಾಕೆಂದರೆ ಅದರಲ್ಲಿ ಅಳತೆ ತಪ್ಪುವುದು ಕಷ್ಟ.

ನೀಲಗಿರಿ ಎಣ್ಣೆಯೇ ಬೇಕು ಅಂದರೆ ಎರಡು ಹನಿ. ಮುಖ ದೂರ ಇಟ್ಟು ಹಾಕಿ, ಅರ್ಧ ನಿಮಿಷ ಬಿಟ್ಟು ಬಗ್ಗಿ. ಎಣ್ಣೆ ನೀರಲ್ಲಿ ಕರಗುವುದಿಲ್ಲ, ಮೇಲೆ ತೇಲಿ ಒಮ್ಮೆಗೇ ಆವಿಯಾಗುತ್ತದೆ. ಹತ್ತು ಹನಿ ಸುರಿದರೆ ಕಣ್ಣು ಉರಿದು, ಗಂಟಲು ಕಟ್ಟಿ, ಗಾಬರಿಯಲ್ಲಿ ಕೈ ಪಾತ್ರೆಗೆ ತಾಗುವುದು ಗ್ಯಾರಂಟಿ. ಈ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ, ಉರಿಯುವ ಒಲೆಯ ಹತ್ತಿರ ಬಾಟಲಿ ತೆರೆಯಬೇಡಿ. ಅಸ್ತಮಾ ಇದ್ದವರು, ಫಿಟ್ಸ್ ಬಂದ ಇತಿಹಾಸ ಇರುವವರು ಎಣ್ಣೆ, ಕರ್ಪೂರ ಎರಡನ್ನೂ ಬಿಡಿ. ನೀಲಗಿರಿ ಎಣ್ಣೆ, ಕರ್ಪೂರದ ವಾಸನೆಯಿಂದಲೂ ಫಿಟ್ಸ್ ಬಂದ ಪ್ರಕರಣಗಳನ್ನು ಬೆಂಗಳೂರಿನ ನರರೋಗ ವೈದ್ಯರು ದಾಖಲಿಸಿದ್ದಾರೆ.

ಇನ್ನು ಟವೆಲ್. ಉದ್ದದ ಟವೆಲ್ ಅಥವಾ ಕಂಬಳಿಯ ತುದಿ ಪಾತ್ರೆಯ ಕಿವಿಗೆ ಸಿಕ್ಕಿಕೊಳ್ಳುತ್ತದೆ. ತಲೆ ಎತ್ತಿದಾಗ ಪಾತ್ರೆಯೂ ಜೊತೆಗೇ ಬರುತ್ತದೆ. ಚಿಕ್ಕ ಟವೆಲ್ ತೆಗೆದುಕೊಂಡು ತಲೆಯ ಮೇಲಿಂದ ಭುಜಕ್ಕೆ ಮಾತ್ರ ಬರುವ ಹಾಗೆ ಹಾಕಿ, ಪಾತ್ರೆಯನ್ನು ಮುಚ್ಚಬೇಡಿ. ಹಬೆ ಸ್ವಲ್ಪ ಹೊರಗೆ ಹೋದರೆ ಹೋಗಲಿ.

ಮುಖ ಒಡ್ಡುವ ಮೊದಲು ಮುಂಗೈ ಒಳಭಾಗವನ್ನು ನೀರಿಂದ ಒಂದಡಿ ಮೇಲೆ ಹಿಡಿದು ಹತ್ತು ಎಣಿಸಿ. ಕೈ ಎಳೆದುಕೊಳ್ಳಬೇಕು ಅನಿಸಿದರೆ ಇನ್ನೂ ಕಾಯಿರಿ. ಹಿತವಾಗಿದ್ದರೆ ಅದೇ ಎತ್ತರದಲ್ಲಿ ಮುಖ ಇಡಿ, ಕಣ್ಣು ಮುಚ್ಚಿ, ಐದು ನಿಮಿಷ ಸಾಮಾನ್ಯ ಉಸಿರಾಡಿ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರು, ನಿಂತರೆ ತಲೆ ತಿರುಗುವವರು ಇದನ್ನು ಬಿಟ್ಟು ಬಿಸಿನೀರು, ಕಷಾಯ ಕುಡಿದು ಬೆಚ್ಚಗೆ ಕೂರುವುದೇ ಒಳ್ಳೆಯದು.

ಮುಗಿದ ಕೂಡಲೇ ನೀರು ಚೆಲ್ಲಿ. "ಆಮೇಲೆ ಚೆಲ್ಲಿದರಾಯ್ತು" ಅಂತ ಬಿಟ್ಟ ಪಾತ್ರೆಗೆ ಮಗು ಕೈ ಹಾಕುತ್ತದೆ.

ನೀರು ಹೊತ್ತು ನಡೆಯಬೇಡಿ

ಒಲೆಯಿಂದ ಜಗುಲಿಗೆ, ಕೋಣೆಗೆ ಕುದಿಯುವ ನೀರು ಹೊತ್ತು ಹೋಗುವಾಗಲೂ ಅಷ್ಟೇ ಅಪಾಯ ಇದೆ. ಮಳೆಗಾಲದಲ್ಲಿ ನಮ್ಮ ಹಳೆ ಮನೆಗಳ ಕೆಂಪು ನೆಲ ಬೆವರುತ್ತದೆ, ಹೊಸ ಟೈಲ್ಸ್ ಅದಕ್ಕಿಂತ ಹೆಚ್ಚು ಜಾರುತ್ತದೆ. ಎರಡೂ ಕೈಯಲ್ಲಿ ಪಾತ್ರೆ, ಎದುರಿಂದ ಓಡಿ ಬರುವ ಮಗು, ಸಾಲದ್ದಕ್ಕೆ ಕರೆಂಟ್ ಹೋಗುವ ಸಂಜೆ. ಹಬೆ ಬೇಕಾದವರೇ ಅಡುಗೆಮನೆಗೆ ಬರಲಿ.

ಕರೆಂಟ್ ಸ್ಟೀಮರ್ ಇದಕ್ಕಿಂತ ವಾಸಿ ಅನ್ನುವುದು ಅರ್ಧ ನಿಜ. ಅದರಲ್ಲಿ ನೀರು ಕಡಿಮೆ, ಚೆಲ್ಲಿದರೂ ಗಾಯ ಚಿಕ್ಕದು. ಆದರೆ ಗೆರೆಗಿಂತ ಹೆಚ್ಚು ನೀರು ತುಂಬಿದರೆ ಕುದಿಯುವ ಹನಿಗಳು ಮುಖಕ್ಕೆ ಸಿಡಿಯುತ್ತವೆ. ವಯರ್ ಎಳೆದರೆ ಇಡೀ ಯಂತ್ರ ಮಡಿಲಿಗೆ ಬರುತ್ತದೆ. ದೊಡ್ಡವರು ಬಳಸುವುದಾದರೆ ಮೇಜಿನ ಒಳಭಾಗಕ್ಕೆ ಇಡಿ, ವಯರ್ ಗೋಡೆ ಬದಿಗೆ ಇರಲಿ. ಕುಕ್ಕರ್‌ನ ಸೀಟಿ ತೆಗೆದು ಅದಕ್ಕೆ ಪೈಪ್ ಸಿಕ್ಕಿಸುವ ಉಪಾಯ ಮೊಬೈಲ್‌ನಲ್ಲಿ ಓಡಾಡುತ್ತಿತ್ತು, ಅದನ್ನು ಮಾತ್ರ ಮಾಡಲೇಬೇಡಿ.

ಅಂಕೋಲೆಯ ಒಂದು ಸಂಜೆ ಅಂತ ಇಟ್ಟುಕೊಳ್ಳಿ

ಒಂದು ಮನೆ, ಆರು ವರ್ಷದ ಹುಡುಗ, ಎರಡು ದಿನದಿಂದ ಥಂಡಿ. ಮೂಗು ಕಟ್ಟಿ ಮಲಗಲು ಆಗುತ್ತಿಲ್ಲ. ಅಜ್ಜಿ ನೀರಿಗೆ ಇಟ್ಟಿದ್ದಾರೆ.

"ಬಾ ತಮಾ, ಎರಡು ನಿಮಿಷ ಹಬೆ ಹಿಡಿ, ಮೂಗು ಬಿಡ್ತದೆ."

"ಅತ್ತೆ, ಅವ್ನಿಗೆ ಪಾತ್ರೆ ಬೇಡ," ಅನ್ನುತ್ತಾಳೆ ಸೊಸೆ.

"ಅವನ ಅಪ್ಪನಿಗೆ ನಾನೇ ಹಿಡಿಸಿದ್ದಲ್ವಾ? ಏನಾಯ್ತು?"

ಇದಕ್ಕೆ ಉತ್ತರ ಕೊಡುವುದು ಸುಲಭ ಅಲ್ಲ, ಯಾಕೆಂದರೆ ನಿಜವಾಗಿಯೂ ಏನೂ ಆಗಿರಲಿಲ್ಲ. ಹೆಚ್ಚಿನ ಸಲ ಆಗುವುದಿಲ್ಲ. ಆದರೆ ಟವೆಲ್ ಒಳಗೆ ಕತ್ತಲೆ, ಸೆಕೆ, ಕಣ್ಣುರಿ ಸೇರಿದರೆ ಆರು ವರ್ಷದವನು ಕೈ ಬೀಸಿ ಏಳುತ್ತಾನೆ. ಆ ಕೈಯನ್ನು ಅಜ್ಜಿ ಹಿಡಿಯುವುದರೊಳಗೆ ನೀರು ಬಿದ್ದಾಗಿರುತ್ತದೆ. ಸೊಸೆ ವಾದ ಬೆಳೆಸದೆ, "ಈ ನೀರಲ್ಲಿ ನಿಮಗೆ ಕಷಾಯ ಮಾಡ್ತೆ, ಅವ್ನ ಮೂಗು ನಾನು ನೋಡ್ಕಳ್ತೆ" ಅಂದರೆ ಇಬ್ಬರ ಮಾತೂ ಉಳಿಯುತ್ತದೆ.

ಮೂಗಿಗೆ ಬೇಕಾದ್ದು ಮೆಡಿಕಲ್ ಶಾಪ್‌ನಲ್ಲಿ ಸಿಗುವ ಉಪ್ಪುನೀರಿನ ಹನಿ, ಸಲೈನ್ ನೇಸಲ್ ಡ್ರಾಪ್ಸ್. ಬರೀ ಸಲೈನ್ ಇರಬೇಕು, ಕಟ್ಟಿದ ಮೂಗು ಬಿಡಿಸುವ ಔಷಧಿ ಸೇರಿದ ಹನಿ ಬೇರೆ, ಅದನ್ನು ವೈದ್ಯರನ್ನು ಕೇಳದೆ ಮಕ್ಕಳಿಗೆ ಹಾಕಬಾರದು. ಹುಡುಗನನ್ನು ಮಲಗಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಒಂದೊಂದು ಹೊಳ್ಳೆಗೆ ಎರಡು ಮೂರು ಹನಿ. ಒಂದೆರಡು ನಿಮಿಷ ಬಿಟ್ಟು ಮೂಗು ಸೀನಿಸಿ, ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ. ಮಲಗುವ ಮೊದಲು, ಊಟಕ್ಕೆ ಮೊದಲು ಹೀಗೆ ಮಾಡಿದರೆ ಹಬೆಯಿಂದ ಬಯಸಿದ ಕೆಲಸವೇ ಆಗುತ್ತದೆ. ಸೀನಲು ಬಾರದ ಕೂಸಿಗೆ ಹನಿ ಹಾಕಿ, ಹೊರಗೆ ಬಂದದ್ದನ್ನು ಮೆತ್ತನೆ ಬಟ್ಟೆಯಿಂದ ಒರೆಸಿ.

ಬೆಚ್ಚನೆ ಸ್ನಾನವೂ ಮೂಗು ಬಿಡಿಸುತ್ತದೆ. ಬಕೆಟ್‌ಗೆ ಯಾವಾಗಲೂ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಒಂದು ತಂಬಿಗೆ ಕುದಿನೀರಿಗೆ ಐದರಿಂದ ಆರು ತಂಬಿಗೆ ತಣ್ಣೀರು ಸೇರಿದರೆ 37–38 ಡಿಗ್ರಿ ಬರುತ್ತದೆ. ಕೈಯಿಂದ ಕಲಕಿ, ಮೊಣಕೈ ಅದ್ದಿ ನೋಡಿ. ಬಚ್ಚಲಲ್ಲಿ ಕಟ್ಟಿಗೆ ಒಲೆಯ ಹಂಡೆ ಇದ್ದರೆ ಮಗುವನ್ನು ಒಂದು ಕ್ಷಣವೂ ಒಬ್ಬನೇ ಬಿಡಬೇಡಿ. ಹಂಡೆಯ ನೀರಿನ ಬಿಸಿ ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ.

ಕೆಮ್ಮಿಗೆ ಒಂದು ವರ್ಷ ದಾಟಿದ ಮಕ್ಕಳಿಗೆ ಜೇನುತುಪ್ಪ ಕೊಡಬಹುದು, ಅದಕ್ಕಿಂತ ಚಿಕ್ಕವರಿಗೆ ಕೊಡಬಾರದು. ಕರ್ಪೂರ, ಮೆಂಥಾಲ್ ಇರುವ ಬಾಮ್ ಎರಡು ವರ್ಷದ ಒಳಗಿನವರಿಗೆ ಬೇಡ, ದೊಡ್ಡ ಮಕ್ಕಳಿಗೂ ಮೂಗಿನ ಒಳಗೆ ಹಚ್ಚಬಾರದು. ದಿಂಬಿಗೆ ನೀಲಗಿರಿ ಎಣ್ಣೆ ಹನಿಸುವುದೂ ಬೇಡ. ಊಟಿಯಿಂದ ತಂದ ಆ ಬಾಟಲಿಯನ್ನು ಬೀಗ ಹಾಕುವ ಕಪಾಟಿಗೆ ಸೇರಿಸಿ. ಒಂದು ಚಮಚ ಹೊಟ್ಟೆಗೆ ಹೋದರೂ ಮಗು ಮಂಕಾಗಬಹುದು, ಫಿಟ್ಸ್ ಬರಬಹುದು. ಕುಡಿದಿದ್ದಾನೆ ಅನ್ನುವ ಅನುಮಾನ ಬಂದರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ.

ಎರಡು ತಿಂಗಳಿಂದ ಒಂದು ವರ್ಷದ ಒಳಗಿನ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಸಲ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ಬರೀ ಥಂಡಿ ಅಲ್ಲ. ಮಗು ಅಳದೆ ಸುಮ್ಮನಿರುವಾಗ ಒಂದು ನಿಮಿಷ ಪೂರ್ತಿ ಎಣಿಸಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಹಾಲು ಬಿಡುವುದು, ತುಟಿ ನೀಲಿಯಾಗುವುದು ಕಂಡರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ನೀರು ಬಿದ್ದೇಬಿಟ್ಟರೆ

ಅದೇ ಮನೆಯಲ್ಲಿ ಸೊಸೆ ಹೊರಗಿದ್ದಳು, ಅಜ್ಜಿ ಹಬೆ ಹಿಡಿಸಿದರು, ಪಾತ್ರೆ ಮಗುಚಿತು ಅಂತಿಟ್ಟುಕೊಳ್ಳಿ. ಎಡ ತೊಡೆ, ಹೊಟ್ಟೆಯ ಕೆಳಭಾಗ ಕೆಂಪಾಗಿದೆ.

ಮೊದಲ ಕೆಲಸ ಬಟ್ಟೆ ತೆಗೆಯುವುದು. ಒದ್ದೆ ಚಡ್ಡಿ, ಉಡಿದಾರ ಎಲ್ಲ. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಕೀಳಬೇಡಿ, ಸುತ್ತ ಕತ್ತರಿಸಿ ಬಿಡಿ. ಕೂಡಲೇ ನಲ್ಲಿ ಕೆಳಗೆ ನಿಲ್ಲಿಸಿ, ಅಥವಾ ತಂಬಿಗೆಯಿಂದ ಬಾವಿ ನೀರು ಹೊಯ್ಯುತ್ತಿರಿ. ಗಡಿಯಾರ ನೋಡಿ 20 ನಿಮಿಷ. ಮಗು ಎರಡು ನಿಮಿಷಕ್ಕೆ ಅಳು ನಿಲ್ಲಿಸಬಹುದು, ಆದರೂ ನಿಲ್ಲಿಸಬೇಡಿ. ಮೇಲಿನ ಚರ್ಮ ತಣ್ಣಗಾದ ಮೇಲೂ ಬಿಸಿ ಒಳಗೆ ಆಳಕ್ಕೆ ಹೋಗುತ್ತಲೇ ಇರುತ್ತದೆ. ಸುಟ್ಟ ಜಾಗಕ್ಕೆ ಮಾತ್ರ ನೀರು, ಎದೆ, ಬೆನ್ನಿಗೆ ಒಣ ಟವೆಲ್ ಹೊದಿಸಿ. ಮಳೆಗಾಲದಲ್ಲಿ ಮಗು ಬೇಗ ತಣ್ಣಗಾಗುತ್ತದೆ, ನಡುಗಿದರೆ ಗಮನ ಕೊಡಿ. ಮೊದಲೇ ನೀರು ಹೊಯ್ಯಲು ಆಗದಿದ್ದರೂ ಮೂರು ಗಂಟೆಯ ಒಳಗೆ ಮಾಡಿದರೆ ಪ್ರಯೋಜನ ಇದೆ.

ಐಸ್ ಇಡಬೇಡಿ. ಟೂತ್‌ಪೇಸ್ಟ್, ಅರಿಶಿನ, ತುಪ್ಪ, ಶಾಯಿ, ಬಾಳೆ ದಿಂಡಿನ ರಸ, ಯಾವುದನ್ನೂ ಹಚ್ಚಬೇಡಿ. ಆಸ್ಪತ್ರೆಯಲ್ಲಿ ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ, ಮಗುವಿಗೆ ಅದು ಎರಡನೇ ನೋವು. ಗುಳ್ಳೆ ಎದ್ದರೆ ಒಡೆಯಬೇಡಿ. ನೀರು ಹೊಯ್ದ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಅಥವಾ ಒಗೆದ ಹತ್ತಿ ಬಟ್ಟೆಯನ್ನು ಬಿಗಿ ಮಾಡದೆ ಸಡಿಲವಾಗಿ ಮುಚ್ಚಿ.

ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಮುಖ, ಕೈ, ಪಾದ, ತೊಡೆಸಂದು, ಕೀಲಿನ ಮೇಲೆ ಆಗಿದ್ದರೆ ಎಷ್ಟೇ ಚಿಕ್ಕದಿದ್ದರೂ ಹೋಗಿ. ಬಿಳಿಯಾಗಿ, ಮುಟ್ಟಿದರೆ ನೋವೇ ಇಲ್ಲ ಅಂದರೆ "ಅಷ್ಟೇನಿಲ್ಲ" ಅಂತ ತಿಳಿಯಬೇಡಿ. ಅದು ಆಳವಾಗಿ ಸುಟ್ಟ ಗುರುತು. ಇನ್ನೊಬ್ಬರು ನೀರು ಹೊಯ್ಯುತ್ತಿರುವಾಗಲೇ 108ಕ್ಕೆ ಫೋನ್ ಮಾಡಿ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಸುಟ್ಟಗಾಯ ಆದರೆ ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಕಾರವಾರದ ಕಡೆಯವರು ಗೋವೆಗೋ ಹೋಗಬೇಕಾಗಿ ಬರಬಹುದು. ಆದರೂ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೇ ಹೋಗಿ. ನೋವಿನ ಔಷಧಿ, ಸಲೈನ್ ಅಲ್ಲಿ ಶುರುವಾದ ಮೇಲೆ ಘಟ್ಟದ ದಾರಿ ಹಿಡಿಯುವುದು ಬೇರೆ, ಸುಮ್ನೆ ಕಾರಲ್ಲಿ ಕೂರಿಸಿಕೊಂಡು ನೂರು ಕಿಲೋಮೀಟರ್ ಓಡುವುದು ಬೇರೆ.

ಅಲ್ಲಿ ವೈದ್ಯರಿಗೆ ನಾಲ್ಕು ವಿಷಯ ಹೇಳಿ: ಎಷ್ಟು ಗಂಟೆಗೆ ಆಯಿತು, ನೀರು ಒಲೆಯಿಂದ ಇಳಿಸಿ ಎಷ್ಟು ಹೊತ್ತಾಗಿತ್ತು, ಎಷ್ಟು ನಿಮಿಷ ತಣ್ಣೀರು ಹೊಯ್ದಿರಿ, ನೀರಲ್ಲಿ ಎಣ್ಣೆ ಹಾಕಿತ್ತೇ. ಕಣ್ಣಿಗೆ ಸಿಡಿದಿದ್ದರೆ ಅದನ್ನೂ ಹೇಳಿ. ಟಿಟಿ ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಅಂತ ಕೇಳುತ್ತಾರೆ, ಮಗುವಿನ ತಾಯಿ ಕಾರ್ಡ್ ಚೀಲಕ್ಕೆ ಹಾಕಿಕೊಂಡೇ ಹೊರಡಿ.